ಸೆನ್ಸರಿಗೆ ಬೆರಳಿನ ರಕ್ತದ ಅಂಕಿ ಕೊಡುವ ಹೊತ್ತು

ಟೈಪ್ 1 ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವ ನಾನು, ಮೈಗೆ ಅಂಟಿಸಿಕೊಂಡು ಶುಗರನ್ನು ನಿರಂತರವಾಗಿ ನೋಡುವ ಗಾರ್ಡಿಯನ್ ಸೆನ್ಸರ್ 3 ಬಳಸುತ್ತೇನೆ. ಈ ಸೆನ್ಸರಿಗೆ ಕನಿಷ್ಠ 12 ಗಂಟೆಗೊಮ್ಮೆ ಗ್ಲೂಕೋಮೀಟರಿನ ಅಂಕಿಯನ್ನು ಕೊಡಲೇಬೇಕು, ಇಲ್ಲದಿದ್ದರೆ ಅದು ಶುಗರ್ ತೋರಿಸುವುದನ್ನೇ ನಿಲ್ಲಿಸುತ್ತದೆ. ಆದರೆ ಆ 12 ಗಂಟೆಗಳೊಳಗೆ ಯಾವ ಗಳಿಗೆಯಲ್ಲಿ ಕೊಡಬೇಕೆಂಬುದು ನಮ್ಮ ಕೈಯಲ್ಲಿದೆ, ಮತ್ತು ನನ್ನ ಅನುಭವದಲ್ಲಿ ಸೆನ್ಸರಿನ ನಿಖರತೆಯನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಈ ಆಯ್ಕೆಯೇ.

ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ಜೀವಕೋಶಗಳ ನಡುವಿನ ದ್ರವವನ್ನು. ಅಲ್ಲಿ ಹುಟ್ಟುವ ಅತಿ ಸಣ್ಣ ವಿದ್ಯುತ್ ಸಂಕೇತವನ್ನು ಶುಗರ್ ಅಂಕಿಯಾಗಿ ಬದಲಿಸಲು ಅದಕ್ಕೊಂದು ಗುಣಕ ಬೇಕು. ನಾವು ಕೊಡುವ ಬೆರಳಿನ ಅಂಕಿಯಿಂದ ಅದು ಆ ಗುಣಕವನ್ನು ತಿದ್ದಿಕೊಳ್ಳುತ್ತದೆ. ರಕ್ತದ ಸಕ್ಕರೆ ಏರಿದರೂ ಇಳಿದರೂ ಆ ದ್ರವಕ್ಕೆ ಅದು ತಲುಪುವುದು ಕೆಲವು ನಿಮಿಷ ತಡವಾಗಿ, ಲೆಕ್ಕಾಚಾರದ ವಿಳಂಬವೂ ಸೇರಿ ಸುಮಾರು ಹತ್ತು ನಿಮಿಷ. ಹೀಗಾಗಿ ಶುಗರ್ ಓಡುತ್ತಿರುವಾಗ ಎರಡು ಅಂಕಿಗಳೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿದ್ದರೂ ಪರಸ್ಪರ ಹೊಂದುವುದಿಲ್ಲ. ಆ ವಿಳಂಬವನ್ನು ನಾವು ಸೆನ್ಸರಿನ ದೋಷವೆಂದು ಅದಕ್ಕೆ ಕಲಿಸಿದರೆ ಗುಣಕವೇ ಕೆಡುತ್ತದೆ.

ಒಂದು ಬೆಳಿಗ್ಗೆ ಇಡ್ಲಿ ತಿಂದ ಮುಕ್ಕಾಲು ಗಂಟೆಯ ನಂತರ ಸೆನ್ಸರ್ 140 ತೋರಿಸುತ್ತಿತ್ತು, ಪಕ್ಕದಲ್ಲಿ ಮೇಲ್ಮುಖವಾಗಿ ಎರಡು ಬಾಣಗಳಿದ್ದವು, ಮೀಟರಿನಲ್ಲಿ 170 ಬಂತು. ಎರಡು ಬಾಣವೆಂದರೆ ನಿಮಿಷಕ್ಕೆ 2ರಿಂದ 3 ಮಿ.ಗ್ರಾಂ. ಏರಿಕೆ, ಅಂದರೆ ಹನ್ನೆರಡು ನಿಮಿಷದ ವಿಳಂಬವೊಂದರಿಂದಲೇ 30ರ ಅಂತರ ಹುಟ್ಟಬಹುದು. ಹಾಗಾಗಿ ನಾನು 170 ಅನ್ನು ದಾಖಲಿಸಲಿಲ್ಲ. ದಾಖಲಿಸಿ, ಸೆನ್ಸರ್ ಅದನ್ನು ಪೂರ್ತಿ ನಂಬಿದ್ದರೆ ಗುಣಕ ಸುಮಾರು 1.2 ಪಟ್ಟು ಹೆಚ್ಚುತ್ತಿತ್ತು. ಆಗ ಮಧ್ಯಾಹ್ನದ ಊಟ ತಡವಾಗಿ ನಿಜವಾದ ಶುಗರ್ 64ಕ್ಕೆ ಇಳಿದರೂ ತೆರೆಯ ಮೇಲೆ 78 ಕಾಣುತ್ತಿತ್ತು, 70ಕ್ಕೆ ಇಟ್ಟಿರುವ ಎಚ್ಚರಿಕೆಯ ಗಂಟೆ ಹೊಡೆಯುತ್ತಲೇ ಇರಲಿಲ್ಲ. ಸಾಧನವು ಹಿಂದಿನ ಅಂಕಿಗಳನ್ನೂ ತೂಗಿ ನೋಡುವುದರಿಂದ ಪೆಟ್ಟು ಇಷ್ಟು ಪೂರ್ತಿಯಾಗಿ ಬೀಳದಿರಬಹುದು, ಆದರೆ ತಪ್ಪು ವಾಲುವ ದಿಕ್ಕು ಮಾತ್ರ ಇದೇ. ಸಂಜೆಯ ನಡಿಗೆಯ ನಂತರ ಶುಗರ್ ಇಳಿಯುತ್ತಿರುವಾಗ ಅಂಕಿ ಕೊಟ್ಟರೆ ಇದು ತಿರುಗುಮುರುಗಾಗುತ್ತದೆ. ಗುಣಕ ತಗ್ಗಿ, ರಾತ್ರಿ ಶುಗರ್ ಸರಿಯಾಗಿರುವಾಗಲೇ ಗಂಟೆ ಹೊಡೆದು ನಾವು ಬೇಡದ ಸಕ್ಕರೆ ತಿನ್ನುತ್ತೇವೆ.

ಆದ್ದರಿಂದ ನಾನು ಅಂಕಿ ಕೊಡುವುದು ಬೆಳಿಗ್ಗೆ ಕಾಫಿಗೆ ಮೊದಲು ಮತ್ತು ರಾತ್ರಿ ಊಟಕ್ಕೆ ಮೊದಲು, ಹಿಂದಿನ ತಿಂಡಿ ಮತ್ತು ಇನ್ಸುಲಿನ್‌ನಿಂದ ಮೂರು ಗಂಟೆಯಾದರೂ ಕಳೆದಿರುವಾಗ. ಎರಡರ ನಡುವೆ 12 ಗಂಟೆ ಮೀರುವಂತಿದ್ದರೆ ಮಲಗುವ ಮುಂಚೆ ಇನ್ನೊಮ್ಮೆ ಕೊಡುತ್ತೇನೆ, ಏಕೆಂದರೆ ನಡುರಾತ್ರಿ ಸಾಧನವು ಎಬ್ಬಿಸಿ ಕೇಳಿದಾಗ ಅರೆನಿದ್ದೆಯಲ್ಲಿ ಚುಚ್ಚಿಕೊಳ್ಳುವುದು ಯಾರಿಗೂ ಬೇಡ. ಮೊದಲು ಬಾಣಗಳಿಲ್ಲವೆಂದೂ ಹಿಂದಿನ ಇಪ್ಪತ್ತು ನಿಮಿಷದ ಗೆರೆ ಮಟ್ಟವಾಗಿದೆಯೆಂದೂ ನೋಡಿಕೊಳ್ಳುತ್ತೇನೆ. ಆಮೇಲೆ ಸೋಪಿನಲ್ಲಿ ಕೈ ತೊಳೆದು ಪೂರ್ತಿ ಒರೆಸುತ್ತೇನೆ. ಮಾವಿನ ಕಾಲದಲ್ಲಿ ಬೆರಳಿಗೆ ಅಂಟಿದ ರಸವೊಂದೇ ಮೀಟರಿನ ಅಂಕಿಯನ್ನು ಬಹಳ ಮೇಲೆ ಒಯ್ಯಬಲ್ಲದು. ಬಂದ ಅಂಕಿ ಅನುಮಾನ ತರಿಸಿದರೆ ಇನ್ನೊಂದು ಬೆರಳು ಚುಚ್ಚಿ ನೋಡಿ, ನಂತರವೇ ದಾಖಲಿಸುತ್ತೇನೆ, ಅದೂ ತಕ್ಷಣವೇ.

ಹೆಚ್ಚುವರಿಯಾಗಿ ಅಂಕಿ ಕೊಡುವುದು ನಿಜವಾಗಿ ನೆರವಾಗುವುದು ಗೆರೆ ಮಟ್ಟವಾಗಿದ್ದೂ ಅಂತರ ಉಳಿದುಕೊಂಡಾಗ. ಒಮ್ಮೆ ಬೆಳಿಗ್ಗೆ ಸೆನ್ಸರಿನಲ್ಲಿ 96, ಮೀಟರಿನಲ್ಲಿ 121 ಇತ್ತು; ಕಾಲು ಗಂಟೆ ಬಿಟ್ಟು ನೋಡಿದರೆ 98 ಮತ್ತು 122. ಓಟವಿಲ್ಲದಿರುವಾಗ ಎರಡು ಬಾರಿಯೂ ಅಷ್ಟೇ ಅಂತರವಿದ್ದರೆ ಅದು ವಿಳಂಬದ್ದಲ್ಲ, ಸೆನ್ಸರಿನದೇ ಎಂದರ್ಥ. 122 ಅನ್ನು ಕೊಟ್ಟೆ, ಅಂದಿನ ರಾತ್ರಿ ಎರಡೂ ಹತ್ತಿರ ಬಂದವು. ಹತ್ತು ಹನ್ನೆರಡರ ಅಂತರಕ್ಕೆ ಮಾತ್ರ ನಾನು ಹೆಚ್ಚುವರಿಯಾಗಿ ಕೈಹಾಕುವುದಿಲ್ಲ. ಐಎಸ್‌ಒ ಮಾನದಂಡದಂತೆ ಮೀಟರಿಗೇ 100ರ ಕೆಳಗೆ 15 ಮಿ.ಗ್ರಾಂ.ವರೆಗೆ, ಮೇಲೆ ಶೇ. 15ರವರೆಗೆ ಹೆಚ್ಚುಕಡಿಮೆಗೆ ಅವಕಾಶವಿದೆ. ಆ ಸಣ್ಣ ಅಂತರವನ್ನು ಬೆನ್ನಟ್ಟಿದರೆ ಮೀಟರಿನ ತಪ್ಪನ್ನೇ ಸೆನ್ಸರಿಗೆ ದಾಟಿಸಿದಂತಾಗುತ್ತದೆ.

ಸೆನ್ಸರ್ ಇರುವ ಮಗ್ಗುಲಲ್ಲೇ ಮಲಗಿದಾಗ ಒತ್ತಡದಿಂದ ಅಂಕಿ ಸುಳ್ಳಾಗಿ ಕುಸಿಯುತ್ತದೆ; ಆಗ ಬೆರಳು ಚುಚ್ಚಿ ಖಾತರಿ ಮಾಡಿಕೊಳ್ಳುತ್ತೇನೆ, ಆದರೆ ಮಗ್ಗುಲು ಬದಲಿಸಿ ಗೆರೆ ಮೇಲೆ ಬರುವವರೆಗೆ ಆ ಅಂಕಿಯನ್ನು ಕೊಡುವುದಿಲ್ಲ. ಡೆಕ್ಸ್‌ಕಾಮ್ ಜಿ6, ಜಿ7 ಎಂಬ ಬೇರೆ ಸೆನ್ಸರುಗಳನ್ನು ಬಳಸುವವರಿಗೆ ಅಂಕಿ ಕೊಡುವುದು ಕಡ್ಡಾಯವಲ್ಲ, ಹಾಗಾಗಿ ಅನುಮಾನವಿದ್ದಾಗ ಅವರು ಸುಮ್ಮನಿರಬಹುದು. ಜ್ವರ ಬಂದ ದಿನ ನನ್ನಂಥವರ ಪರಿಸ್ಥಿತಿ ಬೇರೆ, ಏಕೆಂದರೆ ಪ್ಯಾರಾಸಿಟಮಾಲ್ ಈ ಸೆನ್ಸರಿನ ಅಂಕಿಯನ್ನು ಸುಳ್ಳಾಗಿ ಏರಿಸುತ್ತದೆ. ಆ ಹೊತ್ತಿನಲ್ಲಿ ಅಂಕಿ ಕೊಟ್ಟರೆ ಗುಣಕ ತಗ್ಗಿ, ಮಾತ್ರೆಯ ಪ್ರಭಾವ ಇಳಿದ ಮೇಲೆ ಸೆನ್ಸರ್ ಕಡಿಮೆ ತೋರಿಸತೊಡಗುತ್ತದೆ. ಅದಕ್ಕೇ ಅಂಥ ದಿನ ಮಾತ್ರೆ ನುಂಗುವ ಮುಂಚೆಯೇ ಅಂಕಿ ಕೊಟ್ಟುಬಿಡುತ್ತೇನೆ, ಆಮೇಲಿನ ಇನ್ಸುಲಿನ್ ಲೆಕ್ಕವನ್ನು ಬರೀ ಮೀಟರ್ ನೋಡಿ ಮಾಡುತ್ತೇನೆ.