ಒಬ್ಬರೇ ತೀರ್ಮಾನಿಸಬೇಕೆ, ಕೇಳಿ ತೀರ್ಮಾನಿಸಬೇಕೆ, ಸೇರಿ ತೀರ್ಮಾನಿಸಬೇಕೆ?

ಕಾಫಿ ತೋಟದ ಮ್ಯಾನೇಜರುಗಳ ಬಗ್ಗೆ ಮಾತು ಬಂದಾಗ 'ಅವರದು ಒಂದೇ ಮಾತು' ಎಂದೋ 'ಅವರು ಎಲ್ಲರನ್ನೂ ಕೇಳಿಯೇ ಮಾಡುವವರು' ಎಂದೋ ಹೇಳುವುದು ನಮ್ಮಲ್ಲಿ ರೂಢಿ. ಅಂದರೆ ತೀರ್ಮಾನದ ರೀತಿಯನ್ನು ನಾವು ಮನುಷ್ಯನ ಸ್ವಭಾವವೆಂದು ತಿಳಿಯುತ್ತೇವೆ. ವಿಕ್ಟರ್ ವ್ರೂಮ್ ಮತ್ತು ಫಿಲಿಪ್ ಯೆಟ್ಟನ್ ಎಂಬ ಇಬ್ಬರು ವಿದ್ವಾಂಸರು 1973ರಲ್ಲಿ ಇದನ್ನು ತಿರುಗಿಸಿ ನೋಡಿದರು. ಯಾವ ರೀತಿ ಸರಿ ಎಂಬುದನ್ನು ನಾಯಕನ ಸ್ವಭಾವವಲ್ಲ, ಎದುರಿಗಿರುವ ವಿಷಯ ನಿರ್ಧರಿಸಬೇಕು ಎಂಬುದು ಅವರ ವಾದ. ಒಬ್ಬನೇ ಮ್ಯಾನೇಜರು ಬೆಳಿಗ್ಗೆ ಯಾರನ್ನೂ ಕೇಳದೆ ಒಂದು ತೀರ್ಮಾನ ಮಾಡಿ, ಸಂಜೆ ಎಲ್ಲರನ್ನೂ ಕೂರಿಸಿ ಇನ್ನೊಂದನ್ನು ಮಾಡಿದರೆ ಎರಡೂ ಸರಿಯಾಗಿರಬಹುದು.

ಈ ಕ್ರಮವನ್ನು ಬಳಸುವುದು ಹೇಗೆಂದು ತಿಳಿಯಲು ಮೂಡಿಗೆರೆ ಕಡೆಯ 80 ಎಕರೆಯ ಅರೇಬಿಕಾ ತೋಟವೊಂದನ್ನು ಊಹಿಸಿಕೊಳ್ಳೋಣ. ತೋಟದಲ್ಲಿ ಮ್ಯಾನೇಜರು, ಹಾಜರಿ ಮತ್ತು ಲೆಕ್ಕ ಬರೆಯುವ ಒಬ್ಬ ರೈಟರ್, ಇಬ್ಬರು ಮೇಸ್ತ್ರಿಗಳು ಮತ್ತು ಕುಯ್ಲಿನ ಕಾಲಕ್ಕೆ ಸುಮಾರು 40 ಜನ ಆಳುಗಳಿದ್ದಾರೆ. ಇದುವರೆಗೆ ದಿನಗೂಲಿಯ ಮೇಲೆ ಹಣ್ಣು ಬಿಡಿಸುತ್ತಿದ್ದು, ಈ ವರ್ಷ ಕೆ.ಜಿ. ಲೆಕ್ಕಕ್ಕೆ ಬದಲಾಯಿಸುವ ಯೋಚನೆ ಬಂದಿದೆ.

ಮೊದಲು ಐದು ರೀತಿಗಳನ್ನು ಬೇರ್ಪಡಿಸಿಕೊಳ್ಳಿ

ವ್ರೂಮ್ ಮತ್ತು ಯೆಟ್ಟನ್ ಐದು ರೀತಿಗಳನ್ನು ಗುರುತಿಸಿದ್ದಾರೆ. ಒಂದನೆಯದರಲ್ಲಿ ನಾಯಕ ತನಗೆ ಗೊತ್ತಿರುವಷ್ಟರಿಂದಲೇ ಒಬ್ಬನೇ ತೀರ್ಮಾನಿಸುತ್ತಾನೆ. ಎರಡನೆಯದರಲ್ಲಿ ಬೇಕಾದ ಮಾಹಿತಿಯನ್ನು ಮಾತ್ರ ಕೆಳಗಿನವರಿಂದ ಪಡೆದು ತಾನೇ ತೀರ್ಮಾನಿಸುತ್ತಾನೆ. ಮೂರನೆಯದರಲ್ಲಿ ಸಮಸ್ಯೆಯನ್ನು ಒಬ್ಬೊಬ್ಬರ ಮುಂದೆ ಬೇರೆ ಬೇರೆಯಾಗಿ ಇಟ್ಟು ಅಭಿಪ್ರಾಯ ಕೇಳುತ್ತಾನೆ. ನಾಲ್ಕನೆಯದರಲ್ಲಿ ಅದನ್ನೇ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕೇಳುತ್ತಾನೆ. ಈ ಎರಡರಲ್ಲೂ ಕೊನೆಯ ಮಾತು ನಾಯಕನದೇ. ಐದನೆಯದರಲ್ಲಿ ಮಾತ್ರ ಗುಂಪು ಸೇರಿ ಒಮ್ಮತಕ್ಕೆ ಬರುತ್ತದೆ, ನಾಯಕ ಸಭೆಯನ್ನು ನಡೆಸುತ್ತಾನೆಯೇ ಹೊರತು ತನ್ನ ಮಾತನ್ನು ಹೇರುವುದಿಲ್ಲ.

ನಾಲ್ಕನೆಯದಕ್ಕೂ ಐದನೆಯದಕ್ಕೂ ಇರುವ ಅಂತರವನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಬೇಕು. ಹೊರಗಿನಿಂದ ನೋಡಿದರೆ ಎರಡೂ ಒಂದೇ: ಕಣದ ಪಕ್ಕದ ಶೆಡ್ಡಿನಲ್ಲಿ ಜನ ಸೇರಿದ್ದಾರೆ, ಮಾತು ನಡೆದಿದೆ. ಆದರೆ ಬಂದವರು 'ನಾವು ಹೇಳಿದ್ದೇ ಆಗುತ್ತದೆ' ಎಂದುಕೊಂಡು ಕೂತಿದ್ದು, ಮ್ಯಾನೇಜರು 'ಕೇಳಿಸಿಕೊಂಡು ನಾನು ತೀರ್ಮಾನಿಸುತ್ತೇನೆ' ಎಂದುಕೊಂಡಿದ್ದರೆ, ಮಾರನೆಯ ದಿನ ಒಳ್ಳೆಯ ತೀರ್ಮಾನ ಹೊರಬಿದ್ದರೂ ಅದು ಮೋಸವಾಗಿ ಕಾಣುತ್ತದೆ. ತೋಟಗಳಲ್ಲಿ ಸಭೆ ಕರೆದ ಮೇಲೂ ಅಸಮಾಧಾನ ಉಳಿಯುವುದಕ್ಕೆ ಇದೇ ಹೆಚ್ಚಿನ ಕಾರಣ ಎಂಬುದು ನನ್ನ ಅನಿಸಿಕೆ.

ನಂತರ ವಿಷಯವನ್ನು ಪ್ರಶ್ನೆಗಳಿಗೆ ಒಡ್ಡಿ

ಪ್ರಶ್ನೆಗಳು ಏಳು, ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎಂಬ ಉತ್ತರ. ಕುಯ್ಲಿನ ದರದ ವಿಷಯವನ್ನೇ ಇವುಗಳ ಮೂಲಕ ಸಾಗಿಸೋಣ.

ಒಂದು ಉತ್ತರ ಇನ್ನೊಂದಕ್ಕಿಂತ ನಿಜವಾಗಿ ಮೇಲಾಗುವ ವಿಷಯವೇ ಇದು ಎಂಬುದು ಮೊದಲ ಪ್ರಶ್ನೆ. ಇಲ್ಲಿ ಹೌದು. ದರ ತಪ್ಪಿದರೆ ತೂಕ ಹೆಚ್ಚಿಸುವ ಆತುರದಲ್ಲಿ ಕಾಯಿಯೂ ಹಣ್ಣಿನ ಜೊತೆ ಚೀಲ ಸೇರುತ್ತದೆ, ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರಿನಲ್ಲಿ ಹಸಿರು ಕಾಯಿಯ ಸಿಪ್ಪೆ ಸರಿಯಾಗಿ ಬಿಡುವುದಿಲ್ಲ, ಸಿಪ್ಪೆ ತೆಗೆದು ತೊಳೆದ ಬೀಜವಾದ ಪಾರ್ಚ್‌ಮೆಂಟಿನ ಗುಣಮಟ್ಟ ಇಳಿಯುತ್ತದೆ. ಎರಡನೆಯದು, ತೀರ್ಮಾನಕ್ಕೆ ಬೇಕಾದ ಮಾಹಿತಿ ನಾಯಕನ ಬಳಿ ಇದೆಯೇ ಎಂಬುದು. ಇಲ್ಲ. ಯಾವ ಬ್ಲಾಕಿನಲ್ಲಿ ಗಿಡ ಎತ್ತರ, ಎಲ್ಲಿ ಹಣ್ಣು ವಿರಳ, ಎಲ್ಲಿಂದ ತೂಕದ ಜಾಗಕ್ಕೆ ಚೀಲ ಹೊತ್ತು ತರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಬಿಡಿಸುವವರಿಗೆ ಗೊತ್ತೇ ಹೊರತು ಹಾಜರಿ ಪುಸ್ತಕಕ್ಕಲ್ಲ. ಮೂರನೆಯದು, ಯಾವ ಮಾಹಿತಿ ಬೇಕು, ಅದು ಎಲ್ಲಿ ಸಿಗುತ್ತದೆ, ಪರಿಹಾರಗಳು ಯಾವುವು ಎಂಬುದು ಸ್ಪಷ್ಟವಾಗಿದೆಯೇ ಎಂಬುದು. ಇದಕ್ಕೂ ಇಲ್ಲ ಎಂದೇ ಉತ್ತರ. ಇಡೀ ತೋಟಕ್ಕೆ ಒಂದೇ ದರವೋ, ಬ್ಲಾಕಿಗೊಂದು ದರವೋ, ದಿನಗೂಲಿಯ ಮೇಲೆ ಹೆಚ್ಚಿನ ಕೆ.ಜಿ.ಗೆ ಮಾತ್ರ ಹಣವೋ ಎಂಬುದೇ ಇನ್ನೂ ಬಗೆಹರಿದಿಲ್ಲ.

ನಾಲ್ಕನೆಯ ಪ್ರಶ್ನೆ ಒಪ್ಪಿಗೆಗೆ ಸಂಬಂಧಿಸಿದ್ದು: ಜನ ಮನಸ್ಸಿನಿಂದ ಒಪ್ಪದಿದ್ದರೆ ತೀರ್ಮಾನ ಜಾರಿಯಾದೀತೇ? ಕುಯ್ಲಿನ ಕಾಲದಲ್ಲಿ ಆಗದು, ಏಕೆಂದರೆ ಅದೇ ವಾರ ಪಕ್ಕದ ತೋಟಕ್ಕೂ ಆಳು ಬೇಕು. ಐದನೆಯದು, ನಾಯಕ ಒಬ್ಬನೇ ತೀರ್ಮಾನಿಸಿದರೂ ಅವರು ಒಪ್ಪುವರೇ ಎಂಬುದು. ಕೂಲಿಯ ಮಾತಿನಲ್ಲಿ ಹಾಗೆ ನಂಬುವಂತಿಲ್ಲ. ಆರನೆಯದು, ಈ ವಿಷಯದಲ್ಲಿ ತೋಟದ ಗುರಿಯೂ ಅವರ ಗುರಿಯೂ ಒಂದೆಯೇ ಎಂಬುದು. ಇದನ್ನು ಪ್ರಾಮಾಣಿಕವಾಗಿ ಉತ್ತರಿಸಬೇಕು. ತೋಟಕ್ಕೆ ಬೇಕಾದದ್ದು ಕೆಂಪು ಹಣ್ಣು ಮಾತ್ರ, ಕೆ.ಜಿ. ಲೆಕ್ಕದವರಿಗೆ ಬೇಕಾದದ್ದು ತೂಕ. ಅವರ ನಿಯತ್ತಿನಲ್ಲಿ ಕೊರತೆ ಇದೆ ಎಂದು ಇದರ ಅರ್ಥವಲ್ಲ, ಲೆಕ್ಕವೇ ಹಾಗೆ ಎಳೆಯುತ್ತದೆ. ಕೊನೆಯದು, ಅವರವರಲ್ಲೇ ಭಿನ್ನಾಭಿಪ್ರಾಯ ಬರುವುದೇ ಎಂಬುದು. ಖಂಡಿತ ಬರುತ್ತದೆ: ಚುರುಕಾಗಿ ಬಿಡಿಸುವ ಯುವಕರು ಕೆ.ಜಿ. ಲೆಕ್ಕ ಬೇಕೆನ್ನುತ್ತಾರೆ, ವಯಸ್ಸಾದ ಹೆಂಗಸರು ದಿನಗೂಲಿಯೇ ಇರಲಿ ಎನ್ನುತ್ತಾರೆ.

ಉತ್ತರಗಳಿಂದ ರೀತಿಗಳನ್ನು ಕಳೆಯಿರಿ

ಈ ಕ್ರಮದ ಜಾಣತನ ಇರುವುದು ಇಲ್ಲಿ: ಅದು ನೇರವಾಗಿ 'ಇದನ್ನು ಮಾಡು' ಎನ್ನುವುದಿಲ್ಲ, ಮಾಡಬಾರದ್ದನ್ನು ಒಂದೊಂದಾಗಿ ತೆಗೆದುಹಾಕುತ್ತದೆ. ತೀರ್ಮಾನದ ಗುಣಮಟ್ಟ ಮುಖ್ಯವಾಗಿ, ಮಾಹಿತಿ ಸಾಲದೆ ಇದ್ದರೆ ಒಂದನೆಯ ರೀತಿ ಹೋಯಿತು. ಅದರ ಜೊತೆ ಸಮಸ್ಯೆಯೂ ಅಸ್ಪಷ್ಟವಾಗಿದ್ದರೆ ಎರಡನೆಯದೂ ಮೂರನೆಯದೂ ಹೋದವು, ಏಕೆಂದರೆ ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ತಾಗಿದಾಗ ಮಾತ್ರ ಇಂಥ ಸಮಸ್ಯೆ ಬಿಚ್ಚಿಕೊಳ್ಳುತ್ತದೆ. ಒಪ್ಪಿಗೆ ಬೇಕಾಗಿದ್ದು, ನಾಯಕ ಒಬ್ಬನೇ ತೀರ್ಮಾನಿಸಿದರೆ ಅದು ಸಿಗುವ ನಂಬಿಕೆಯಿಲ್ಲದೆ, ಜನರಲ್ಲೇ ಭಿನ್ನಾಭಿಪ್ರಾಯ ಇದ್ದರೂ ಇವೇ ಮೂರು ಹೋಗುತ್ತವೆ. ಜಗಳವನ್ನು ಒಬ್ಬೊಬ್ಬರನ್ನೇ ಕರೆದು ಬಗೆಹರಿಸಲಾಗದು. ಇನ್ನು ಗುಣಮಟ್ಟ ಮುಖ್ಯವಾಗಿ, ಗುರಿಗಳು ಒಂದಾಗದಿದ್ದರೆ ಐದನೆಯದಾದ ಒಮ್ಮತವೂ ಹೋಗುತ್ತದೆ. ಉಳಿದದ್ದು ನಾಲ್ಕನೆಯದು ಮಾತ್ರ: ಎಲ್ಲರನ್ನೂ ಕೂರಿಸಿ ಕೇಳಬೇಕು, ತೀರ್ಮಾನವನ್ನು ಮ್ಯಾನೇಜರು ಮಾಡಬೇಕು.

ಒಂದೆರಡು ಉತ್ತರ ಬದಲಾದರೆ ಸಾಕು, ರೀತಿಯೂ ಬದಲಾಗುತ್ತದೆ. ಡಿಸೆಂಬರಿನಲ್ಲಿ ಕಣದ ಮೇಲೆ ಪಾರ್ಚ್‌ಮೆಂಟ್ ಹರಡಿರುವಾಗ ಮೋಡ ಕವಿದರೆ ಮುಚ್ಚುವ ತೀರ್ಮಾನಕ್ಕೆ ಎಲ್ಲ ಮಾಹಿತಿಯೂ ಕಣ್ಣ ಮುಂದಿದೆ, ಯಾರೂ ವಿರೋಧಿಸುವುದಿಲ್ಲ. ಅಲ್ಲಿ ಕೇಳುತ್ತ ನಿಲ್ಲುವುದೇ ತಪ್ಪು. ಬಿಳಿ ಕಾಂಡಕೊರಕ ಹೊಕ್ಕ ಗಿಡಗಳನ್ನು ಕಿತ್ತು ಸುಡುವ ಕೆಲಸದಲ್ಲಿ ಏನು ಮಾಡಬೇಕೆಂಬುದು ಗೊತ್ತೇ ಇದೆ, ಯಾವ ಬ್ಲಾಕಿನಲ್ಲಿ ಎಷ್ಟು ಗಿಡ ಎಂಬ ಎಣಿಕೆ ಮಾತ್ರ ಮೇಸ್ತ್ರಿಯಿಂದ ಬೇಕು. ಅದು ಎರಡನೆಯ ರೀತಿ. ವಾರದ ರಜೆ ಸಂತೆಯ ದಿನವಿರಲೋ ಭಾನುವಾರವಿರಲೋ ಎಂಬುದರಲ್ಲಿ ತೋಟಕ್ಕೆ ಎರಡೂ ಸಮಾನವಾಗಿದ್ದರೆ, ಪಾಲಿಸಬೇಕಾದವರ ಒಪ್ಪಿಗೆಯೊಂದೇ ಮುಖ್ಯವಾಗುತ್ತದೆ; ಅಲ್ಲಿ ಮ್ಯಾನೇಜರು ಕೇಳಿ ತಾನೇ ಹೇಳುವುದೂ ಸಲ್ಲದು, ಅವರೇ ಒಮ್ಮತಕ್ಕೆ ಬರಲಿ. ಒಂದಕ್ಕಿಂತ ಹೆಚ್ಚು ರೀತಿಗಳು ಉಳಿದುಕೊಂಡರೆ ಸಮಯದ ಒತ್ತಡವಿದ್ದಾಗ ಬೇಗ ಮುಗಿಯುವುದನ್ನೂ, ಜನ ಕೆಲಸದ ಯೋಚನೆಯಲ್ಲಿ ಪಳಗಲಿ ಎಂದಿದ್ದಾಗ ಹೆಚ್ಚು ಪಾಲುಗೊಳಿಸುವುದನ್ನೂ ಆರಿಸಿಕೊಳ್ಳಬಹುದು.

ಸಭೆಯನ್ನು ನಡೆಸುವ ಬಗೆ

ಮೊದಲ ಮಾತಿನಲ್ಲೇ ರೀತಿಯನ್ನು ಹೇಳಿಬಿಡಬೇಕು: 'ನಿಮ್ಮೆಲ್ಲರ ಮಾತು ಕೇಳುತ್ತೇನೆ, ಶುಕ್ರವಾರ ತೀರ್ಮಾನ ನಾನು ಹೇಳುತ್ತೇನೆ, ಯಾಕೆ ಹಾಗೆ ಎಂಬುದನ್ನೂ ಹೇಳುತ್ತೇನೆ.' ಚರ್ಚೆಗೆ ಇಲ್ಲದ್ದನ್ನೂ ಆಗಲೇ ಬೇರ್ಪಡಿಸಬೇಕು. ಸರ್ಕಾರ ನಿಗದಿಪಡಿಸಿದ ಕನಿಷ್ಠ ಕೂಲಿಗಿಂತ ಯಾರ ದಿನದ ಗಳಿಕೆಯೂ ಕೆಳಗಿಳಿಯುವಂತಿಲ್ಲ, ಕಾಯಿ ಬಿಡಿಸುವಂತಿಲ್ಲ. ಇವೆರಡು ಕೇಳುವ ವಿಷಯಗಳಲ್ಲ.

ಇಲ್ಲಿ ಹೆಚ್ಚಾಗಿ ಕೆಡುವುದು ಮೌನದಿಂದ. ಮೇಸ್ತ್ರಿ ಮುಂದೆ ಕೂತಿದ್ದರೆ ಹೆಂಗಸರು ಬಾಯಿ ಬಿಡುವುದಿಲ್ಲ. ಆಳುಗಳನ್ನು ಕರೆತಂದ ಮೇಸ್ತ್ರಿಗೆ ಕಮಿಷನ್ ಇದ್ದರೆ ಅವನ ಮಾತಿನಲ್ಲಿ ಅವನ ಲೆಕ್ಕವೂ ಸೇರಿರುತ್ತದೆ. ಆದ್ದರಿಂದ ಬ್ಲಾಕಿನಿಂದ ಬ್ಲಾಕಿಗೆ ಹೆಸರು ಹಿಡಿದು ಕೇಳುವುದು, ಮೇಸ್ತ್ರಿಯನ್ನು ಕೊನೆಗೆ ಕೇಳುವುದು ಒಳ್ಳೆಯದು. ಮ್ಯಾನೇಜರು ತನ್ನ ಮನಸ್ಸಿನಲ್ಲಿರುವ ದರವನ್ನು ಮೊದಲೇ ಆಡಿಬಿಟ್ಟರೆ ಉಳಿದ ಮಾತೆಲ್ಲ ಅದರ ಸುತ್ತಲೇ ಸುತ್ತುತ್ತದೆ.

ಹಾಗೆ ಕೇಳಿದಾಗ ಒಬ್ಬ ಹಿರಿಯ ಹೆಂಗಸು, 'ಸಾರ್, ಮನೆ ಹತ್ತಿರದ ಪಟ್ಟಿಯಲ್ಲಿ ಒಂದೂವರೆ ಚೀಲ ಬಿಡಿಸುವ ಹೊತ್ತಿಗೆ ಹೊಳೆ ಕಡೆ ಇಳಿಜಾರಿನಲ್ಲಿ ಒಂದು ಚೀಲ ಆದರೆ ಹೆಚ್ಚು; ಎರಡಕ್ಕೂ ಒಂದೇ ದರ ಅಂದರೆ ಅಲ್ಲಿಗೆ ಯಾರು ಇಳಿಯುತ್ತಾರೆ?' ಎಂದರೆ ಸಮಸ್ಯೆಯ ನಿಜವಾದ ಆಕಾರ ಆಗ ಕಾಣುತ್ತದೆ. ಅದನ್ನು ನಂಬಿ ಬಿಡುವುದೂ ಬೇಡ, ತಳ್ಳಿಹಾಕುವುದೂ ಬೇಡ. ಎರಡು ದಿನ ದಿನಗೂಲಿಯ ಮೇಲೆಯೇ ಬಿಡಿಸಿ ಬ್ಲಾಕುವಾರು ತೂಕ ಬರೆದುಕೊಳ್ಳಬೇಕು. ಲೆಕ್ಕ ಸುಲಭವಾಗಲೆಂದು, ಹತ್ತಿರದ ಬ್ಲಾಕಿನಲ್ಲಿ ತಲೆಗೆ ಸರಾಸರಿ 60 ಕೆ.ಜಿ., ಇಳಿಜಾರಿನಲ್ಲಿ 40 ಕೆ.ಜಿ. ಬಂತೆನ್ನೋಣ. ದಿನಕ್ಕೆ 600 ರೂಪಾಯಿ ಗಳಿಕೆ ಎಂದು ಹಿಡಿದರೆ ಹತ್ತಿರದಲ್ಲಿ ಕೆ.ಜಿ.ಗೆ 10 ರೂಪಾಯಿ, ಇಳಿಜಾರಿನಲ್ಲಿ 15 ರೂಪಾಯಿ ಆಗುತ್ತದೆ. ಇಡೀ ತೋಟಕ್ಕೆ 12 ರೂಪಾಯಿ ಎಂದು ಒಬ್ಬರೇ ಕೂತು ತೀರ್ಮಾನಿಸಿದ್ದರೆ ಇಳಿಜಾರಿನವರ ಗಳಿಕೆ 480ಕ್ಕೆ ಇಳಿಯುತ್ತಿತ್ತು, ಹತ್ತಿರದವರದು 720ಕ್ಕೆ ಏರುತ್ತಿತ್ತು. ಒಮ್ಮತಕ್ಕೆ ಬಿಟ್ಟಿದ್ದರೆ ಎಲ್ಲ ಕಡೆಗೂ 15 ರೂಪಾಯಿಯ ಮೇಲೆ ಒಪ್ಪಂದ ಆಗಿಬಿಡುವ ಸಾಧ್ಯತೆ ಹೆಚ್ಚು, ಕಾಯಿಯ ಮಾತು ಯಾರ ಬಾಯಲ್ಲೂ ಬರದೆ.

ಸರಿಯಾಯಿತೋ ಇಲ್ಲವೋ ಎಂದು ತಿಳಿಯುವುದು

ತೀರ್ಮಾನ ಹೇಳಿದಾಗ ಜನ 'ತೂಕ ದಿನಕ್ಕೆ ಎಷ್ಟು ಸಲ?', 'ಮಳೆ ಬಂದ ದಿನ ಹೇಗೆ?' ಎಂದು ಜಾರಿಯ ಪ್ರಶ್ನೆ ಕೇಳಿದರೆ ಒಪ್ಪಿದ್ದಾರೆ ಎನ್ನಬಹುದು. ಏನೂ ಕೇಳದೆ ಎದ್ದು ಹೋದರೆ ಇನ್ನೂ ಒಪ್ಪಿಲ್ಲ ಎಂದು ತಿಳಿಯುವುದು ಕ್ಷೇಮ. ಗುಣಮಟ್ಟಕ್ಕೆ ಅಳತೆ ಬೇರೆ: ಸಂಜೆ ಪ್ರತಿ ಬ್ಲಾಕಿನ ರಾಶಿಯಿಂದ ಒಂದು ಕೆ.ಜಿ. ತೆಗೆದು ಅದರಲ್ಲಿರುವ ಕಾಯಿಗಳನ್ನು ಎಲ್ಲರೆದುರು ಆರಿಸಿ ತೂಗಬೇಕು. ಒಂದೇ ಬ್ಲಾಕಿನಲ್ಲಿ ಕಾಯಿ ಏರುತ್ತಿದ್ದರೆ ಅಲ್ಲಿನ ದರ ತೀರಾ ಕಡಿಮೆ ಇರಬಹುದು. ಎಲ್ಲ ಕಡೆಯೂ ಏರುತ್ತಿದ್ದರೆ ಕಾಯಿ ಸೇರಿದ್ದಕ್ಕೆ ಹಣದಲ್ಲಿ ಕಡಿತವಿಲ್ಲದಿರುವುದು ಕಾರಣವಿರಬಹುದು.

ಈ ಕ್ರಮಕ್ಕೆ ಮಿತಿಗಳೂ ಇವೆ. ಹೌದು–ಇಲ್ಲ ಎಂಬ ಉತ್ತರಗಳು ಒರಟು. ವ್ರೂಮ್ ಅವರು ಆರ್ಥರ್ ಜಾಗೊ ಎಂಬ ಇನ್ನೊಬ್ಬ ವಿದ್ವಾಂಸರ ಜೊತೆ 1988ರಲ್ಲಿ ಇದನ್ನು ತಿದ್ದಿ, ಉತ್ತರಗಳಿಗೆ ಹಂತಗಳನ್ನು ಕೊಟ್ಟರು, ಸಮಯದ ಒತ್ತಡವನ್ನೂ ಲೆಕ್ಕಕ್ಕೆ ತಂದರು. ಮೇಲಾಗಿ ಪ್ರಶ್ನೆಗಳಿಗೆ ಉತ್ತರಿಸುವವನು ನಾಯಕನೇ ಆದ್ದರಿಂದ, 'ನನಗೆಲ್ಲ ಗೊತ್ತು', 'ನಾನು ಹೇಳಿದರೆ ಒಪ್ಪುತ್ತಾರೆ' ಎಂಬ ಎರಡು ಉತ್ತರಗಳು ಸುಮ್ಮನೆ ಹೌದು ಎಂದಾಗಿಬಿಡುವ ಅಪಾಯವಿದೆ. ಹಾಗಾಗಿ ಅವೆರಡನ್ನು ಮಾತ್ರ ರೈಟರನ್ನೂ ಕೇಳಿ ತಾಳೆ ನೋಡುವುದು ಒಳ್ಳೆಯದು. ಕುಯ್ಲಿನ ನಡುವೆ ದರ ಬದಲಾಯಿಸಬೇಕಾಗಿ ಬಂದರೆ ಕಚೇರಿಯಿಂದ ಚೀಟಿ ಕಳಿಸದೆ, ಮೊದಲ ಸಲದಂತೆಯೇ ಜನರನ್ನು ಕೂರಿಸಿ, ಬ್ಲಾಕುವಾರು ತೂಕವನ್ನೂ ಕಾಯಿಯ ಲೆಕ್ಕವನ್ನೂ ಮುಂದಿಟ್ಟು ಕೇಳಬೇಕು.