ಡಿರೈವೇಶನ್ ಸ್ಲೈಡ್‌ಗಳಿಂದ ಸೂತ್ರದ ಹಾಳೆ: ಷರತ್ತು ಬಿಟ್ಟುಹೋಗದಂತೆ ಬರೆಯುವುದು ಹೇಗೆ?

ಪರೀಕ್ಷೆ ಹತ್ತಿರ ಬಂದಾಗ ಎಲ್ಲರೂ ಮಾಡುವ ಕೆಲಸ ಒಂದೇ. ಸ್ಲೈಡ್‌ಗಳನ್ನು ತೆರೆಯುತ್ತಾರೆ, ಪ್ರತಿ ಡಿರೈವೇಶನ್‌ನ ಕೊನೆಯ ಸಾಲನ್ನು ಮಾತ್ರ ಹಾಳೆಗೆ ಇಳಿಸುತ್ತಾರೆ, ಸುತ್ತ ಒಂದು ಚೌಕ ಹಾಕುತ್ತಾರೆ. ಆ ಹಾಳೆ ನೋಡಿಕೊಂಡು ಲೆಕ್ಕ ಮಾಡಿದವರ ಉತ್ತರ ತಪ್ಪಾಗಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸೂತ್ರ ಸರಿಯಾಗಿಯೇ ಇರುತ್ತದೆ. ಅದು ಆ ಲೆಕ್ಕಕ್ಕೆ ಹೊಂದುವುದಿಲ್ಲ, ಅಷ್ಟೆ. ಹಾಗಾಗಿ ಪ್ರತಿ ಸೂತ್ರದ ಜೊತೆ ಅದು ಯಾವಾಗ ಅನ್ವಯಿಸುತ್ತದೆ ಅನ್ನುವುದೂ ಹಾಳೆಯಲ್ಲಿರಬೇಕು. ಸಂಖ್ಯಾಶಾಸ್ತ್ರದ ಒಂದೇ ಒಂದು ಸೂತ್ರ ಹಿಡಿದು ಇದನ್ನು ಪೂರ್ತಿ ಮಾಡಿ ತೋರಿಸುತ್ತೇನೆ.

ಹಂತ 1. ಸ್ಲೈಡ್‌ಗಳನ್ನೆಲ್ಲ ಒಮ್ಮೆ ತಿರುವಿಹಾಕಿ. ಪ್ರತಿ ಡಿರೈವೇಶನ್‌ನ ಕೊನೆಯ ಸಾಲು ಮತ್ತು ಸ್ಲೈಡ್ ನಂಬರ್ ಬರೆದುಕೊಳ್ಳಿ.

ಹಂತ 2. ಸಮ ಚಿಹ್ನೆಗಳನ್ನು ಒಂದೊಂದಾಗಿ ಪ್ರಶ್ನಿಸಿ.

ಜನ ಎಡವುವುದು ಇಲ್ಲೇ, ಆದ್ದರಿಂದ ಇಲ್ಲಿ ನಿಧಾನ ಮಾಡಿ. ಸ್ಲೈಡ್‌ನಲ್ಲಿ ‘ಎಂದು ಭಾವಿಸಿ’, ‘ಆಗಿದ್ದರೆ’ ಅನ್ನುವ ಮಾತುಗಳನ್ನು ಮಾತ್ರ ಹುಡುಕಿ ಷರತ್ತು ಬರೆಯುವ ಅಡ್ಡದಾರಿ ಒಂದಿದೆ. ಅದನ್ನು ಹಿಡಿಯಬೇಡಿ. ಬಾಯಿಬಿಟ್ಟು ಹೇಳಿದ ಷರತ್ತು ಮಾತ್ರ ಅದರಲ್ಲಿ ಸಿಗುತ್ತದೆ. ಸುಮ್ನೆ ಒಳಗೆ ಕೂತಿರುವ ಷರತ್ತು ಸಿಗುವುದು ‘=’ ಗುರುತಿನ ಹತ್ತಿರ. ಸರಾಸರಿಯ ವೇರಿಯನ್ಸ್‌ನ ಡಿರೈವೇಶನ್ ನೋಡಿ:

```
Var(X̄) = Var((X1 + … + Xn)/n)           (1)
       = (1/n²) Var(X1 + … + Xn)        (2)
       = (1/n²) (Var(X1)+ … +Var(Xn))   (3)
       = (1/n²) (n σ²)                  (4)
       = σ²/n                           (5)
```

ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಹಿಂದಿನ ಸಾಲಿನಿಂದ ಇಲ್ಲಿಗೆ ಬರಲು ಏನು ನಿಜವಾಗಿರಬೇಕು?

(1) ಸರಾಸರಿ ಅಂದರೇನು ಅನ್ನುವುದಷ್ಟೇ, ಷರತ್ತು ಏನೂ ಇಲ್ಲ. (2) ರಲ್ಲಿ `1/n` ಹೊರಗೆ ಬಂದು ವರ್ಗವಾಯಿತು. ಸ್ಥಿರ ಸಂಖ್ಯೆಯನ್ನು ಮಾತ್ರ ಹೀಗೆ ಹೊರಗೆ ತರಬಹುದು. ಅಂದರೆ `n` ಮೊದಲೇ ನಿಗದಿಯಾಗಿರಬೇಕು. ಬೇಕಾದ ಉತ್ತರ ಬರುವವರೆಗೆ ಅಳೆಯುತ್ತಾ ಹೋಗಿ, ಬಂದ ಕೂಡಲೇ ನಿಲ್ಲಿಸಿದರೆ `n` ಕೂಡ ಅದೃಷ್ಟಕ್ಕೆ ಬಿಟ್ಟ ಸಂಖ್ಯೆಯಾಗುತ್ತದೆ, ಈ ಸಾಲು ಅಲ್ಲೇ ಮುರಿಯುತ್ತದೆ. ಈ ಷರತ್ತನ್ನು ಬರೆದುಕೊಂಡಿರುವ ಹಾಳೆ ನನ್ನ ಕಣ್ಣಿಗೆ ಬಿದ್ದಿದ್ದು ಕಡಿಮೆ.

(3) ರಲ್ಲಿ ಮೊತ್ತದ ವೇರಿಯನ್ಸ್ ಒಡೆದು ಬಿಡಿಬಿಡಿಯಾಯಿತು. ನಿಜವಾಗಿ ಅಲ್ಲಿ ಪ್ರತಿ ಜೋಡಿಗೂ ಒಂದು ಕೋವೇರಿಯನ್ಸ್ ಪದ ಇರಬೇಕಿತ್ತು. ಅವೆಲ್ಲ ಸೊನ್ನೆ ಅಂದುಕೊಂಡಿದ್ದರಿಂದ ಕಾಣುತ್ತಿಲ್ಲ. (4) ರಲ್ಲಿ ಎಲ್ಲದರ ವೇರಿಯನ್ಸ್ ಒಂದೇ `σ²` ಆಯಿತು, ಅದು ಸೀಮಿತ ಸಂಖ್ಯೆ ಅನ್ನುವುದೂ ಅದರ ಜೊತೆಗೇ ಬಂತು. ಕೋಶಿ ಹಂಚಿಕೆಗೆ ಸೀಮಿತ ವೇರಿಯನ್ಸೇ ಇಲ್ಲ, ಎಷ್ಟು ಅಳತೆ ತೆಗೆದುಕೊಂಡರೂ ಸರಾಸರಿಯ ಹರಡಿಕೆ ಕಡಿಮೆಯಾಗುವುದಿಲ್ಲ. (5) ಬರೀ ಭಾಗಾಕಾರ.

ಹಂತ 3. ಬಳಸದ ಷರತ್ತನ್ನು ಹೊಡೆದುಹಾಕಿ.

ಈಗ ಸ್ಲೈಡ್‌ನ ತಲೆಯ ಮೇಲೆ ನೋಡಿ. ಸಾಮಾನ್ಯವಾಗಿ ‘ಅಳತೆಗಳು ಸ್ವತಂತ್ರ, ನಾರ್ಮಲ್ ಹಂಚಿಕೆಯವು’ ಅಂತ ಬರೆದಿರುತ್ತದೆ. ನಾವು ಐದೂ ಸಾಲು ದಾಟಿ ಬಂದೆವು, ನಾರ್ಮಲ್ ಅನ್ನುವುದು ಎಲ್ಲಾದರೂ ಬೇಕಾಯಿತಾ? ಇಲ್ಲ. ಹಾಗಿದ್ದರೆ ಈ ಸಾಲಿನ ಮುಂದೆ ಅದನ್ನು ಬರೆಯಬೇಡಿ. ಅದು ಬೇಕಾಗುವುದು ಮುಂದಿನ ಸ್ಲೈಡ್‌ನ `X̄ ± 1.96 σ/√n` ಗೆ. ಅಲ್ಲಿ ಅಳತೆಗಳು ನಾರ್ಮಲ್ ಆಗಿರಬೇಕು, ಅಥವಾ `n` ದೊಡ್ಡದಿದ್ದು ಉತ್ತರವನ್ನು ಅಂದಾಜು ಅಂತ ಒಪ್ಪಿಕೊಳ್ಳಬೇಕು.

ಸ್ವತಂತ್ರ ಅನ್ನುವುದೂ ಜಾಸ್ತಿಯೇ ಆಯಿತು. ಮೂರನೇ ಸಾಲಿಗೆ ಬೇಕಿದ್ದದ್ದು ಕೋವೇರಿಯನ್ಸ್ ಸೊನ್ನೆ ಅಷ್ಟೆ. ನಂಬಿಕೆ ಬರದಿದ್ದರೆ ಕೈಯಾರೆ ಮಾಡಿ ನೋಡಿ. `X` ಗೆ -1, 0, 1 ಸಮ ಅವಕಾಶದಲ್ಲಿ ಬರಲಿ, `Y = X²` ಇರಲಿ. `X` ಗೊತ್ತಾದರೆ `Y` ಗೊತ್ತಾಯಿತು, ಅಂದಮೇಲೆ ಇವು ಸ್ವತಂತ್ರ ಅಲ್ಲವೇ ಅಲ್ಲ. ಆದರೂ ಕೋವೇರಿಯನ್ಸ್ ಸೊನ್ನೆ. `X` ನ ವೇರಿಯನ್ಸ್ 2/3, `Y` ನದು 2/9, ಕೂಡಿದರೆ 8/9. ಈಗ `X+Y` ನೇರವಾಗಿ ಲೆಕ್ಕ ಹಾಕಿ: ಬೆಲೆಗಳು 0, 0, 2, ಸರಾಸರಿ 2/3, ವೇರಿಯನ್ಸ್ 4/3 - 4/9 = 8/9. ಹೊಂದಿತು, ಅಲ್ವಾ?

ಬೇಡದ ಷರತ್ತು ಬರೆದರೆ ನಷ್ಟವೇನು ಅಂತ ಕೆಲವರು ಕೇಳುತ್ತಾರೆ. ನಷ್ಟ ಇದೆ. ನಾರ್ಮಲ್ ಅಲ್ಲದ ಅಳತೆಗಳ ಲೆಕ್ಕ ಬಂದಾಗ, ಧಾರಾಳವಾಗಿ ಬಳಸಬಹುದಾಗಿದ್ದ ಸೂತ್ರವನ್ನೇ ಪಕ್ಕಕ್ಕಿಟ್ಟು ಕೂರುತ್ತೀರಿ.

ಹಂತ 4. ಉಳಿದ ಪ್ರತಿ ಷರತ್ತನ್ನೂ ಬೇಕಂತಲೇ ಮುರಿದು ನೋಡಿ.

ಮುರಿದಾಗ ಉತ್ತರ ಕೆಡಬೇಕು. ಕೆಡದಿದ್ದರೆ ಆ ಷರತ್ತು ಅಲ್ಲಿರಬೇಕಾಗಿಲ್ಲ. ಸುಲಭದ ಪರೀಕ್ಷೆ: `n = 2`, ಎರಡನೇ ಅಳತೆ ಮೊದಲನೆಯದರ ನಕಲು. ಸರಾಸರಿ ಅಂದರೆ ಮೊದಲ ಅಳತೆಯೇ, ಅದರ ವೇರಿಯನ್ಸ್ `σ²`. ಸೂತ್ರ ಹೇಳುವುದು `σ²/2`. ಕೆಟ್ಟಿತು, ಕೋವೇರಿಯನ್ಸ್ ಷರತ್ತು ಬೇಕೇ ಬೇಕು.

ಎಷ್ಟು ಕೆಡುತ್ತದೆ ಅನ್ನುವುದನ್ನೂ ಹಾಳೆಯಲ್ಲಿ ಒಂದು ಸಾಲು ಬರೆಯಿರಿ, ನಾನಂತೂ ಇದನ್ನು ಬಿಡುವುದಿಲ್ಲ. ಪ್ರತಿ ಜೋಡಿಯ ನಡುವೆಯೂ ಒಂದೇ ಕೋರಿಲೇಶನ್ `ρ` ಇದ್ದರೆ ಉತ್ತರ `(σ²/n)(1 + (n-1)ρ)` ಆಗುತ್ತದೆ. `σ = 10`, `n = 25` ತೆಗೆದುಕೊಳ್ಳಿ. ಮೂಲ ಸೂತ್ರದ ಪ್ರಕಾರ ವೇರಿಯನ್ಸ್ 4, ಸ್ಟ್ಯಾಂಡರ್ಡ್ ಎರರ್ 2. ಈಗ `ρ` ಬರೀ 0.1 ಇರಲಿ. ವೇರಿಯನ್ಸ್ 4 × 3.4 = 13.6, ಸ್ಟ್ಯಾಂಡರ್ಡ್ ಎರರ್ ಸುಮಾರು 3.7. ಇಷ್ಟು ಚಿಕ್ಕ ಕೋರಿಲೇಶನ್‌ಗೆ ದೋಷ ಹತ್ತಿರ ಹತ್ತಿರ ದುಪ್ಪಟ್ಟು.

ಹಂತ 5. ಹಾಳೆಗೆ ಇಳಿಸಿ, ಷರತ್ತು ಮೊದಲು, ಸೂತ್ರ ಆಮೇಲೆ.

ಓದುವ ಕಣ್ಣು ಎಡದಿಂದ ಬರುತ್ತದೆ, ಆದ್ದರಿಂದ ಎಡಗಡೆ ಷರತ್ತು ಇರಲಿ. ಅಕ್ಷರದ ಗಾತ್ರ ಎರಡಕ್ಕೂ ಒಂದೇ. ಸೂತ್ರದ ಮೇಲೆ ನಕ್ಷತ್ರ ಹಾಕಿ ಷರತ್ತನ್ನು ಹಾಳೆಯ ಬುಡಕ್ಕೆ ತಳ್ಳಬೇಡಿ, ಅವಸರದಲ್ಲಿ ಯಾರೂ ಅಲ್ಲಿವರೆಗೆ ಹೋಗುವುದಿಲ್ಲ. ನಮ್ಮ ಸೂತ್ರದ ಸಾಲು ಹೀಗಾಗುತ್ತದೆ:

```
n ಮೊದಲೇ ನಿಗದಿ; ಎಲ್ಲದರ ವೇರಿಯನ್ಸ್
ಒಂದೇ σ², ಸೀಮಿತ; ಪ್ರತಿ ಜೋಡಿಯ
ಕೋವೇರಿಯನ್ಸ್ 0       →  Var(X̄) = σ²/n
ಜೋಡಿ ಕೋರಿಲೇಶನ್ ρ ಇದ್ದರೆ: × (1+(n-1)ρ)
ನಾರ್ಮಲ್ ಬೇಕಿಲ್ಲ
```

ಕೊನೆಗೆ ಸ್ಲೈಡ್ ನಂಬರ್ ಸೇರಿಸಿ. ಅನುಮಾನ ಬಂದಾಗ ವಾಪಸ್ ಹೋಗಿ ನೋಡಲು ಅದು ಬೇಕು.

ಬರೆಯುವುದು ಕೈಯಲ್ಲೇ ಆಗಲಿ. ಸ್ಲೈಡ್‌ನ ಚಿತ್ರ ತೆಗೆದು ಅಕ್ಷರ ಮಾಡಿಕೊಡುವ ಆ್ಯಪ್‌ಗಳು ಕೆಲವೊಮ್ಮೆ `≤` ಅನ್ನು `<` ಮಾಡುತ್ತವೆ, `|r| < 1` ತರಹದ ಷರತ್ತಿನ ಗೆರೆಗಳನ್ನು ನುಂಗುತ್ತವೆ. ಷರತ್ತು ಇರುವುದೇ ಈ ಸಣ್ಣ ಗುರುತುಗಳಲ್ಲಿ. ಅಚ್ಚಾಗಿ ಸಿಗುವ ಸಿದ್ಧ ಸೂತ್ರಪಟ್ಟಿಗಳನ್ನೂ ನಾನು ತೆಗೆದುಕೊಳ್ಳುವುದಿಲ್ಲ, ನಾನು ನೋಡಿದ ಹೆಚ್ಚಿನವುಗಳಲ್ಲಿ ಷರತ್ತಿನ ಕಾಲಮ್ಮೇ ಇರಲಿಲ್ಲ.

ಹಂತ 6. ಹಾಳೆಯನ್ನೇ ಪರೀಕ್ಷೆಗೆ ಹಚ್ಚಿ.

ಸೂತ್ರಗಳ ಮೇಲೆ ಒಂದು ಕಾಗದ ಮುಚ್ಚಿ, ಷರತ್ತಿನ ಕಡೆ ಮಾತ್ರ ತೆರೆದಿಡಿ. ಬೇರೆ ಬೇರೆ ಪಾಠದ ಐದಾರು ಲೆಕ್ಕ ತೆಗೆದುಕೊಂಡು, ಬಿಡಿಸದೆ, ಯಾವ ಸಾಲು ಯಾವುದಕ್ಕೆ ಹೊಂದುತ್ತದೆ ಅಂತ ಮಾತ್ರ ಗುರುತು ಹಾಕಿ. ನೂರು ಜನರ ಗುಂಪಿನಿಂದ ಒಬ್ಬರನ್ನೇ ಎರಡು ಸಲ ಆರಿಸದೆ 25 ಜನರನ್ನು ತೆಗೆದ ಲೆಕ್ಕ ಒಂದನ್ನು ಅದರಲ್ಲಿ ಸೇರಿಸಿ. ಒಬ್ಬರು ಬಂದರೆ ಅವರು ಮತ್ತೆ ಬರುವಂತಿಲ್ಲ, ಹಾಗಾಗಿ ಕೋವೇರಿಯನ್ಸ್ ಸೊನ್ನೆ ಅಲ್ಲ, ಮೇಲಿನ ಸಾಲು ಹೊಂದುವುದಿಲ್ಲ. ಅಲ್ಲಿ ಗುಂಪಿನ ಒಟ್ಟು ಜನ `N` ಆದರೆ, `(N-n)/(N-1)` ನಿಂದ ಗುಣಿಸುವ ಇನ್ನೊಂದು ಸಾಲು ಬೇಕು. ಇಲ್ಲಿ ಅದು 75/99, ಮೊದಲಿನಂತೆ `σ = 10` ಆದರೆ ವೇರಿಯನ್ಸ್ 4 ಇದ್ದದ್ದು ಸುಮಾರು 3.03 ಆಗುತ್ತದೆ. ನಿಮ್ಮ ಹಾಳೆಯಲ್ಲಿ ಈ ಲೆಕ್ಕಕ್ಕೆ ಸಾಲು ಸಿಗದಿದ್ದರೆ ಸ್ಲೈಡ್‌ಗಳಿಗೆ ವಾಪಸ್ ಹೋಗಿ, ಯಾವುದೋ ಡಿರೈವೇಶನ್ ಬಿಟ್ಟುಹೋಗಿದೆ.