ಮಗ್ ಕೇಕ್ ರಬ್ಬರ್ ಆಗೋದು ಯಾಕೆ ಗೊತ್ತಾ?

ನಮ್ಮ ಮನೆ ಹುಡುಗರು ಮಗ್ ಕೇಕ್ ಮಾಡೋದನ್ನ ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಮೈದಾ, ಸಕ್ಕರೆ, ಕೋಕೋ ಸುರಿದು, ಒಂದು ಇಡೀ ಮೊಟ್ಟೆ ಒಡೆದು, ಮೈಕ್ರೋವೇವ್‌ನಲ್ಲಿ ಫುಲ್ ಪವರ್‌ಗೆ ಎರಡು ನಿಮಿಷ ಇಟ್ಟು ಮೊಬೈಲ್ ಹಿಡಿದುಕೊಂಡು ಹೋಗುತ್ತಾರೆ. ಆಮೇಲೆ ಚಮಚ ಇಳಿಯುವುದಿಲ್ಲ ಅಂತ ನನ್ನ ಹತ್ತಿರ ದೂರು.

ಮೂರು-ನಾಲ್ಕು ಚಮಚ ಮೈದಾಕ್ಕೆ ಇಡೀ ಮೊಟ್ಟೆ ಯಾಕ್ರಮ್ಮ? ಬಿಳಿ ಭಾಗ ಬೆಂದರೆ ಗಟ್ಟಿಯಾಗುತ್ತದೆ, ಇಷ್ಟು ಸ್ವಲ್ಪ ಹಿಟ್ಟಿನಲ್ಲಿ ಆಮ್ಲೆಟ್ ವಾಸನೆಯೇ ಮೇಲಾಗುತ್ತದೆ. ಹಳದಿ ಮಾತ್ರ ಹಾಕಿ. ಮೊಟ್ಟೆ ಬೇಡದವರು ಒಂದು ಚಮಚ ಹುಳಿಯಿಲ್ಲದ ಮೊಸರು ಹಾಕಿ, ಸಾಕು. ಬೆಣ್ಣೆಗಿಂತ ಎಣ್ಣೆ ಹಾಕಿದರೆ ಮೆತ್ತಗಿರುತ್ತದೆ. ಬೇಕಿಂಗ್ ಪೌಡರ್ ಎರಡು ಚಿಟಿಕೆ. ಮೊದಲು ಎಣ್ಣೆ, ಹಾಲು, ಸಕ್ಕರೆ ಚೆನ್ನಾಗಿ ಕಲಸಿ. ಮೈದಾ ಬಿದ್ದ ಮೇಲೆ ಮಾತ್ರ ಕೈ ಬಿಗಿ ಹಿಡಿಯಿರಿ, ಒಣ ಹಿಟ್ಟು ಕಾಣದಾದ ತಕ್ಷಣ ನಿಲ್ಲಿಸಿ. ಜಾಸ್ತಿ ತಿರುಗಿಸಿದರೆ ಮೈದಾ ನಾರು ಬಿಡುತ್ತದೆ. ಹದ ಇಡ್ಲಿ ಹಿಟ್ಟಿಗಿಂತ ತುಸು ತೆಳು ಇರಬೇಕು. ಕೋಕೋ ಹಾಲು ಹೀರುತ್ತದೆ, ಅದನ್ನು ಹಾಕಿದರೆ ಇನ್ನೊಂದು ಚಮಚ ಹಾಲು ಬೇಕು. ಮಗ್ ಅರ್ಧ ಮಾತ್ರ ತುಂಬಿಸಿ. ಚಿನ್ನದ ಅಂಚಿನ ಮಗ್ ಬೇಡವೇ ಬೇಡ, ಕಿಡಿ ಹಾರುತ್ತದೆ.

ಇನ್ನು ನಾನು ಎಂದೂ ಬಿಡದ ಕ್ರಮ. ನಾವು ಆಗ ಕುಕ್ಕರಿಗೆ ಮರಳು ಹಾಕಿ, ಗ್ಯಾಸ್ಕೆಟ್, ವೆಯ್ಟ್ ಎರಡೂ ತೆಗೆದು, ಸಣ್ಣ ಉರಿಯಲ್ಲಿ ಕೇಕ್ ಬೇಯಿಸುತ್ತಿದ್ದೆವು. ಐದು ನಿಮಿಷ ಹೆಚ್ಚಾದರೂ ಅದು ಸಹಿಸಿಕೊಳ್ಳುತ್ತಿತ್ತು. ಮೈಕ್ರೋವೇವ್ ಹತ್ತು ಸೆಕೆಂಡನ್ನೂ ಸಹಿಸುವುದಿಲ್ಲ. ಅದಕ್ಕೇ ಪವರ್ ಎಪ್ಪತ್ತು ಪರ್ಸೆಂಟಿಗೆ ಇಳಿಸಿ. ಮೊದಲು ಒಂದು ನಿಮಿಷ. ಬಾಗಿಲು ತೆಗೆದು ನೋಡಿ. ಅಂಚು ಗಟ್ಟಿಯಾಗಿ, ನಡುವೆ ಇನ್ನೂ ಹಸಿ ಹೊಳೆಯುತ್ತಿರುತ್ತದೆ. ಅಲ್ಲಿಂದ ಹತ್ತು ಹತ್ತು ಸೆಕೆಂಡ್ ಮಾತ್ರ, ಪ್ರತಿ ಸಲ ತೆಗೆದು ನೋಡಲೇಬೇಕು. ಆ ಹೊಳಪು ಚಿಕ್ಕದಾಗುತ್ತಾ ಬಂದು ಒಂದು ರೂಪಾಯಿ ನಾಣ್ಯದಷ್ಟು ಉಳಿದಾಗ ನಿಲ್ಲಿಸಿ. ಪೂರ್ತಿ ಒಣಗಲಿ ಅಂತ ಕಾದಿರೋ, ಕೆಟ್ಟಿತು. ಹೊರಗೆ ತೆಗೆದು ಎರಡು ನಿಮಿಷ ಮುಟ್ಟಬೇಡಿ, ಒಳಗಿನ ಬಿಸಿಗೆ ಆ ಹಸಿಯೂ ಬೇಯುತ್ತದೆ. ಕಡ್ಡಿ ಚುಚ್ಚಿದರೆ ಒದ್ದೆ ತುಣುಕು ಅಂಟಿದರೆ ಸರಿ. ಹಿಟ್ಟು ಹರಿದರೆ ಇನ್ನೂ ಹತ್ತು ಸೆಕೆಂಡ್ ಇಡಿ. ನಿಮ್ಮ ಮೈಕ್ರೋವೇವ್‌ಗೆ ಒಟ್ಟು ಎಷ್ಟು ಹೊತ್ತು ಹಿಡಿಯಿತು ಅಂತ ಬಾಗಿಲಿಗೆ ಚೀಟಿ ಅಂಟಿಸಿಡಿ, ಪಕ್ಕದ ಮನೆಯ ಲೆಕ್ಕ ನಿಮಗೆ ಆಗುವುದಿಲ್ಲ.

ಅಂದ ಹಾಗೆ, ನಿನ್ನೆ ಹುಳಿ ಬಿಸಿ ಮಾಡಿ ಒರೆಸದೆ ಬಿಟ್ಟ ಮೈಕ್ರೋವೇವ್‌ನಲ್ಲಿ ಕೇಕ್ ಇಡಬೇಡಿ, ಇಂಗಿನ ಘಮ ಹತ್ತುತ್ತದೆ. ಒಂದು ಬಟ್ಟಲು ನೀರಿಗೆ ನಿಂಬೆ ಹೋಳು ಹಾಕಿ ಮೂರು ನಿಮಿಷ ಕಾಯಿಸಿ, ಹಬೆ ಒಳಗೇ ಇರುವಾಗ ಬಾಗಿಲು ಮುಚ್ಚಿಟ್ಟು, ಆಮೇಲೆ ಬಟ್ಟೆಯಲ್ಲಿ ಒರೆಸಿ. ಇಷ್ಟು ಮಾಡೋಕೆ ಏನು ಕಷ್ಟ?

ಕೇಕ್ ಬಿಸಿ ಇರುವಾಗಲೇ ಮಗ್‌ನಿಂದ ತಿಂದು ಮುಗಿಸಿ. ಫ್ರಿಜ್ಜಿನಲ್ಲಿ ನಾಳೆಗೆ ಇಟ್ಟರೆ ಗಟ್ಟಿಯಾಗುತ್ತದೆ. ಮತ್ತೆ ಬಿಸಿ ಮಾಡಿದರೆ ಇನ್ನೂ ಒಣಗುತ್ತದೆ.